ಕೊಟ್ಟ ಹಣದಲ್ಲಿ ಮರಳಿ ಬರುವುದು ಎಷ್ಟು?

ಚಿನ್ನದ ಅಂಗಡಿಯಲ್ಲಿ ನಾವು ಕೊಡುವ ಹಣದಲ್ಲಿ ಎರಡು ಪಾಲಿರುತ್ತದೆ. ಒಂದು ಪಾಲು ಲೋಹಕ್ಕೆ ಹೋಗುತ್ತದೆ. ಅದು ಮಾರುವ ದಿನ ಅಂದಿನ ದರದಲ್ಲಿ ಮರಳಿ ಬರುತ್ತದೆ. ಇನ್ನೊಂದು ಪಾಲು ಮಜೂರಿ, ವೇಸ್ಟೇಜ್ ಮತ್ತು ತೆರಿಗೆಗೆ ಹೋಗುತ್ತದೆ. ಅದು ಬಿಲ್ ಕೈಗೆ ಬರುವಷ್ಟರಲ್ಲೇ ನಮ್ಮ ಕೈಬಿಟ್ಟಿರುತ್ತದೆ. ಒಡವೆಯನ್ನು ಉಡಲು ಕೊಳ್ಳುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ‘ಉಳಿತಾಯಕ್ಕೆ’ ಎಂದು ಕೊಳ್ಳುವವರು ಈ ಎರಡನೇ ಪಾಲನ್ನೂ ಉಳಿತಾಯದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರಲ್ಲ, ನನ್ನ ತಕರಾರು ಅಲ್ಲಿದೆ.

ಪುಣೆಯಲ್ಲಿ ಕೆಲಸ ಮಾಡುವ ನಮ್ಮಂಥ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಚಿನ್ನ ಕೊಳ್ಳುವುದಕ್ಕೆ ನೆಪಗಳಿಗೆ ಬರವಿಲ್ಲ. ನಮ್ಮ ಯುಗಾದಿಯ ದಿನವೇ ಇವರ ಗುಡಿ ಪಾಡ್ವಾ. ದಸರೆ, ಅಕ್ಷಯ ತದಿಗೆ ಇಬ್ಬರಿಗೂ ಇವೆ. ಜೊತೆಗೆ ಇಲ್ಲಿ ಗುರುಪುಷ್ಯ ಯೋಗವೂ ಇದೆ. ಆ ದಿನಗಳಲ್ಲಿ ಲಕ್ಷ್ಮಿ ರಸ್ತೆಯ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿನಲ್ಲಾದರೆ ಪರಿಚಯದ ಅಕ್ಕಸಾಲಿಗರು ಇರುತ್ತಾರೆ. ಮಾರಬೇಕಾದರೂ ಅವರ ಹತ್ತಿರವೇ ಹೋಗುತ್ತೇವೆ. ಪರವೂರಿನಲ್ಲಿ ಆ ನಂಟು ಇಲ್ಲ. ಇಲ್ಲಿ ನಮ್ಮ ಪರವಾಗಿ ಮಾತಾಡುವುದು ಬಿಲ್ಲು ಮತ್ತು ತಕ್ಕಡಿ, ಇವೆರಡೇ. ಹೀಗಾಗಿ ಲೆಕ್ಕ ನಮಗೇ ಗೊತ್ತಿರಬೇಕು.

ಒಂದೇ ದಿನ ಕೊಂಡು, ಅದೇ ದಿನ ಮಾರಿದರೆ

ಯಾವ ರೂಪದ ಚಿನ್ನ ಎಷ್ಟು ಕಳೆಯುತ್ತದೆ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ಬೆಳಿಗ್ಗೆ ಕೊಂಡು ಸಂಜೆ ಅದೇ ದರದಲ್ಲಿ ಮಾರಿದೆವು ಎಂದುಕೊಳ್ಳಿ. ಬೆಲೆಯ ಏರಿಳಿತ ಲೆಕ್ಕದಿಂದ ಹೊರಗೆ ಹೋಗಿ, ಕಡಿತ ಮಾತ್ರ ಉಳಿಯುತ್ತದೆ. ಸುಲಭವಾಗಲೆಂದು 24 ಕ್ಯಾರಟ್ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 22 ಕ್ಯಾರಟ್ ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ. ಅದರ ದರ 9,160 ರೂಪಾಯಿ. ಮಜೂರಿಯ ಮತ್ತು ಮರುಮಾರಾಟದ ಶೇಕಡಾವಾರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ನಿಮ್ಮ ಬಿಲ್ಲಿನ ಅಂಕಿಗಳನ್ನು ಹಾಕಿಕೊಂಡರೆ ನಿಮ್ಮ ಉತ್ತರ ಸಿಗುತ್ತದೆ.

ಮೊದಲು 10 ಗ್ರಾಂನ 22 ಕ್ಯಾರಟ್ ಚೈನು. ಕಲ್ಲಿಲ್ಲ, ಹರಳಿಲ್ಲ. ಚಿನ್ನದ ಬೆಲೆ 91,600 ರೂಪಾಯಿ. ಮಜೂರಿ ಶೇ 14 ಎಂದರೆ 12,824. ಎರಡೂ ಸೇರಿದ ಮೊತ್ತದ ಮೇಲೆ ಶೇ 3 ಜಿಎಸ್‌ಟಿ, ಅಂದರೆ ಸುಮಾರು 3,133. ಹಾಲ್‌ಮಾರ್ಕ್ ಶುಲ್ಕ ತೆರಿಗೆ ಸೇರಿ ಸುಮಾರು 53. ಒಟ್ಟು 1,07,610 ರೂಪಾಯಿ. ಸಂಜೆ ನಗದಿಗೆ ಮಾರಲು ಹೋದರೆ ಅಂಗಡಿಯವರು ಶೇ 2 ಕಳೆದು 89,768 ಕೊಡುತ್ತಾರೆ ಎಂದುಕೊಳ್ಳಿ. ಒಂದೇ ದಿನದಲ್ಲಿ ಸುಮಾರು 17,800 ರೂಪಾಯಿ ಹೋಯಿತು. ನಾವು ಹಾಕಿದ ಹಣವಷ್ಟೇ ಮರಳಿ ಸಿಗಬೇಕಾದರೂ ಚಿನ್ನದ ಬೆಲೆ ಸುಮಾರು ಶೇ 20ರಷ್ಟು ಏರಬೇಕು.

ಇನ್ನು 10 ಗ್ರಾಂನ ಒಂದು ನಾಣ್ಯ, 24 ಕ್ಯಾರಟ್. ಲೋಹದ ಬೆಲೆ 1,00,000, ತಯಾರಿ ಖರ್ಚು ಶೇ 3, ಅದರ ಮೇಲೆ ಜಿಎಸ್‌ಟಿ. ಒಟ್ಟು 1,06,090 ರೂಪಾಯಿ. ಅದೇ ಶೇ 2 ಕಳೆದರೆ ಸಂಜೆ ಸಿಗುವುದು 98,000. ಕಳೆದದ್ದು 8,090 ರೂಪಾಯಿ. ಚೈನಿನಲ್ಲಿ ಕಳೆದದ್ದಕ್ಕೆ ಇದು ಅರ್ಧಕ್ಕಿಂತ ಕಡಿಮೆ.

ಆದರೆ ಅದೇ 10 ಗ್ರಾಂ ಚಿನ್ನವನ್ನು ಒಂದೊಂದು ಗ್ರಾಂನ ಹತ್ತು ನಾಣ್ಯಗಳಾಗಿ ಕೊಂಡರೆ ಕತೆ ಬೇರೆ. ನಾಣ್ಯ ಚಿಕ್ಕದಾದಷ್ಟೂ ಅಚ್ಚು ಹಾಕುವ, ಪ್ಯಾಕ್ ಮಾಡುವ ಖರ್ಚು ಗ್ರಾಂ ಲೆಕ್ಕದಲ್ಲಿ ಹೆಚ್ಚಾಗುತ್ತದೆ. ತಯಾರಿ ಖರ್ಚು ಶೇ 8 ಎಂದುಕೊಂಡರೆ ಒಟ್ಟು 1,11,240 ರೂಪಾಯಿ ಆಗುತ್ತದೆ. ಮಾರಿದರೆ ಸಿಗುವುದು ಅದೇ 98,000. ಇಲ್ಲಿ 13,240 ಹೋಯಿತು. ತಿಂಗಳಿಗೊಂದು ಗ್ರಾಂ ನಾಣ್ಯ ಕೊಂಡು ಡಬ್ಬಿಯಲ್ಲಿಡುವ ಸಂಬಳದಾರರು ಬಹಳ ಜನ ಇದ್ದಾರೆ. ಅವರ ಶಿಸ್ತು ಒಳ್ಳೆಯದೇ. ಆದರೆ ನಾಣ್ಯದ ಲಾಭದ ದೊಡ್ಡ ಭಾಗವನ್ನು ಅವರು ಪ್ಯಾಕಿಂಗಿಗೆ ಕೊಟ್ಟಿರುತ್ತಾರೆ. ಆ ಹಣವನ್ನು ಬ್ಯಾಂಕಿನ ಆರ್‌ಡಿಯಲ್ಲಿ ಕೂಡಿಸಿ, ವರ್ಷಕ್ಕೊಮ್ಮೆ ದೊಡ್ಡ ನಾಣ್ಯ ಒಂದನ್ನು ಕೊಂಡರೆ ಅದೇ ಶಿಸ್ತಿಗೆ ಹೆಚ್ಚು ಚಿನ್ನ ಸಿಗುತ್ತದೆ.

ಕೊನೆಗೆ ಗಟ್ಟಿ. 50 ಗ್ರಾಂನ ಒಂದು ಗಟ್ಟಿಗೆ ತಯಾರಿ ಖರ್ಚು ಶೇ ಅರ್ಧ ಎಂದುಕೊಂಡರೆ ಜಿಎಸ್‌ಟಿ ಸೇರಿ 5,17,575 ರೂಪಾಯಿ. ಶೇ 1 ಕಳೆದು ಮಾರಿದರೆ 4,95,000. ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಮಾತ್ರ ಹೋಯಿತು. ಅದರಲ್ಲೂ ಬಹುಪಾಲು ಜಿಎಸ್‌ಟಿಯೇ. ಆ ಶೇ 3 ಯಾವ ರೂಪದಲ್ಲಿ ಕೊಂಡರೂ ಮರಳಿ ಬರುವುದಿಲ್ಲ.

ಬೆಲೆ ಏರುತ್ತಿರುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ‘ನಾನು ಕೊಂಡ ಚೈನು ಇವತ್ತು ಎರಡು ಪಟ್ಟಾಗಿದೆ’ ಎಂದು ಹೇಳುವವರು ಸರಿಯಾಗಿಯೇ ಹೇಳುತ್ತಿರಬಹುದು. ಆದರೆ ಅದೇ ಹಣಕ್ಕೆ ನಾಣ್ಯ ಕೊಂಡವರ ಚಿನ್ನವೂ ಅದೇ ದರದಲ್ಲಿ ಏರಿದೆ, ಮತ್ತು ಅವರ ಹತ್ತಿರ ಮೊದಲಿನಿಂದಲೂ ಹೆಚ್ಚು ಚಿನ್ನವಿತ್ತು. ಲಾಭ ತಂದದ್ದು ಲೋಹ. ಅದಕ್ಕೆ ಚೈನಿನ ಆಕಾರ ಏನೂ ಸೇರಿಸಲಿಲ್ಲ.

ತೂಕದಲ್ಲಿ ಚಿನ್ನವಲ್ಲದ್ದು

ಮೇಲಿನ ಚೈನಿನ ಲೆಕ್ಕ ಒಡವೆಗಳಲ್ಲೇ ಅತ್ಯಂತ ಸರಳವಾದದ್ದು. ನಮ್ಮ ಕಡೆಯ ಒಡವೆಗಳು ಅಷ್ಟು ಸರಳವಲ್ಲ. ಬೋರಮಾಳ, ಗುಂಡಿನ ಸರಗಳ ಗುಂಡುಗಳು ತೆಳ್ಳನೆಯ ಚಿನ್ನದ ತಗಡಿನವು, ಒಳಗೆ ಅರಗು ತುಂಬಿರುತ್ತದೆ. ತಾಳಿ ಸರದಲ್ಲಿ ಕರಿಮಣಿ ಇರುತ್ತದೆ. ಜುಮಕಿ, ನೆಕ್ಲೇಸುಗಳಲ್ಲಿ ಹರಳು, ಮುತ್ತು ಇರುತ್ತವೆ. ಮಾರುವಾಗ ಇವೆಲ್ಲ ತಕ್ಕಡಿಯಿಂದ ಕೆಳಗಿಳಿಯುತ್ತವೆ.

ನಮ್ಮ ಸೊಸೈಟಿಯಲ್ಲಿರುವ ಬಾಗಲಕೋಟೆ ಕಡೆಯ ಹಿರಿಯರೊಬ್ಬರು ಆಸ್ಪತ್ರೆಯ ಖರ್ಚಿಗಾಗಿ ತಮ್ಮ ಹಳೆಯ ಬೋರಮಾಳ ಮಾರಿದರು. ಮೋಸವಾಯಿತು ಎಂಬುದು ಅವರ ಕೊರಗು. ‘ಇಪ್ಪತ್ತೆರಡು ಗ್ರಾಂ ಸರ ಕೊಟ್ಟೀನ್ರಿ, ಹದಿನೈದು ಗ್ರಾಂ ಅಂತ ಬರಕೊಂಡಾರ’ ಎಂದು ಚೀಟಿ ತೋರಿಸಿದರು. ಆ ಚೀಟಿಯನ್ನು ಮೇಲಿನ ಅದೇ ದರಕ್ಕೆ ಹೊಂದಿಸಿ ಬಿಡಿಸಿ ನೋಡಿದರೆ ಹೀಗಿದೆ.

ಸರದ ಒಟ್ಟು ತೂಕ 22 ಗ್ರಾಂ. ಅರಗು, ದಾರ ತೆಗೆದು ಕರಗಿಸಿದ ಮೇಲೆ ಉಳಿದ ಚಿನ್ನ 15 ಗ್ರಾಂ. ಅದರ ಶುದ್ಧತೆ ನೂರಕ್ಕೆ 88. ಅಂದರೆ ಅಪ್ಪಟ ಚಿನ್ನ 13.2 ಗ್ರಾಂ, ಬೆಲೆ 1,32,000 ರೂಪಾಯಿ. ಅಂಗಡಿಯವರು ಶೇ 2 ಹಿಡಿದು 1,29,360 ಕೊಟ್ಟಂತಾಯಿತು. ಅವರ ಮನಸ್ಸಿನಲ್ಲಿದ್ದ ಲೆಕ್ಕ 22 ಗ್ರಾಂಗೆ 22 ಕ್ಯಾರಟ್ ದರ, ಅಂದರೆ 2,01,520. ನಡುವಿನ ವ್ಯತ್ಯಾಸ 72,160 ರೂಪಾಯಿ. ಅದರಲ್ಲಿ 64,120 ರೂಪಾಯಿ ಅರಗು, ದಾರ ಮತ್ತು ಕರಗುವಾಗ ಹೋದ ಕಸದ ತೂಕದ್ದು. 5,400 ರೂಪಾಯಿ ಶುದ್ಧತೆ 22 ಕ್ಯಾರಟ್‌ಗಿಂತ ಕಡಿಮೆ ಇದ್ದದ್ದಕ್ಕೆ. ಅಂಗಡಿಯವರು ನಿಜವಾಗಿ ಹಿಡಿದದ್ದು 2,640 ಮಾತ್ರ.

ಎಂದರೆ ಆ ಮನೆಯಲ್ಲಿ ಎಪ್ಪತ್ತು ಸಾವಿರದಷ್ಟು ಬೆಲೆಯ ಚಿನ್ನ ಎಂದೂ ಇರಲೇ ಇಲ್ಲ. ಹೆಣೆದ ಅಕ್ಕಸಾಲಿಗರು ಬಹುಶಃ ಅಂದು ಚಿನ್ನದ ತೂಕಕ್ಕೆ ಮಾತ್ರ ಹಣ ತೆಗೆದುಕೊಂಡಿದ್ದರು. ಆದರೆ ಬಿಲ್ಲಿರಲಿಲ್ಲ, ಮನೆಯವರ ನೆನಪಿನಲ್ಲಿ ಉಳಿದದ್ದು ಸರದ ಒಟ್ಟು ತೂಕ. ಆಪತ್ತಿಗೆ ಇಷ್ಟಿದೆ ಎಂದು ನಂಬಿಕೊಂಡಿದ್ದ ಮೊತ್ತ ಆಪತ್ತು ಬಂದ ದಿನವೇ ಮೂರನೇ ಒಂದು ಪಾಲು ಕುಗ್ಗಿತು.

ಆದ್ದರಿಂದ ಮನೆಯಲ್ಲಿರುವ ಹಳೆಯ ಒಡವೆಯನ್ನು ಉಳಿತಾಯವೆಂದು ಎಣಿಸುವ ಮೊದಲು ಅದರ ಶುದ್ಧತೆ ತಿಳಿದುಕೊಳ್ಳುವುದು ಒಳ್ಳೆಯದು. ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಸಾಮಾನ್ಯ ಗ್ರಾಹಕರೂ ತಮ್ಮ ಒಡವೆಯನ್ನು ಪರೀಕ್ಷಿಸಿಕೊಳ್ಳಬಹುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ ಶುಲ್ಕವೆಂದು ಬಿಐಎಸ್ ಹೇಳಿದೆ. ಕೇಂದ್ರದವರು ವರದಿ ಬರೆದು ಕೊಡುತ್ತಾರೆ. ಮಾರುವ ಅಂಗಡಿಗೆ ಹೋಗುವ ಮುಂಚೆ ಆ ವರದಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಯಾವ ಕಡಿತ ಸರಿ, ಯಾವುದು ಅಲ್ಲ

ಹಾಗೆಂದು ಎಲ್ಲ ಕಡಿತವೂ ನ್ಯಾಯವಾದದ್ದಲ್ಲ. ಅಂಗಡಿಯಲ್ಲಿ ಮೊದಲು ಒಡವೆಯನ್ನು ಕ್ಯಾರಟ್ ಮೀಟರಿನಲ್ಲಿ ಇಡುತ್ತಾರೆ. ಅದು ಎಕ್ಸ್-ರೇ ಮೂಲಕ ಮೇಲ್ಮೈಯನ್ನು ಮಾತ್ರ ಓದುತ್ತದೆ. ಬೆಸುಗೆ ಇದ್ದ ಕಡೆ ಕಡಿಮೆ ತೋರಿಸಬಹುದು, ಮೇಲೆ ಲೇಪವಿದ್ದರೆ ಹೆಚ್ಚು ತೋರಿಸಬಹುದು. ಕರಗಿಸಿ ಗುಂಡು ಮಾಡಿದ ಮೇಲೆ ಓದಿದ ಅಂಕಿಯೇ ಹೆಚ್ಚು ನಂಬಿಕೆಯದು. ಆದರೆ ಕರಗಿಸಿದ ಮೇಲೆ ಒಡವೆ ಮತ್ತೆ ಒಡವೆಯಾಗದು. ದರ, ಕಡಿತದ ಶೇಕಡಾವಾರು ಎರಡನ್ನೂ ಬಾಯಲ್ಲಿ ಕೇಳಿಕೊಂಡು, ಕಾಗದದಲ್ಲಿ ಬರೆಸಿಕೊಂಡ ನಂತರವೇ ಕರಗಿಸಲು ಒಪ್ಪಬೇಕು. ಕರಗಿಸುವ ಮುಂಚಿನ ತೂಕ, ನಂತರದ ತೂಕ ಎರಡನ್ನೂ ನಮ್ಮ ಎದುರಿಗೇ ತೂಗಬೇಕು.

ಇಲ್ಲಿ ಒಂದು ಲೆಕ್ಕವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಶುದ್ಧತೆಯ ಕಡಿತ ಒಂದೇ ಸಲ ಆಗಬೇಕು. 10 ಗ್ರಾಂ ಚೈನು ನೂರಕ್ಕೆ 91.6 ಎಂದು ಬಂದರೆ ಅಪ್ಪಟ ಚಿನ್ನ 9.16 ಗ್ರಾಂ. ಅದಕ್ಕೆ 24 ಕ್ಯಾರಟ್ ದರ ಹಾಕಿದರೆ 91,600. ಇಲ್ಲವೆ ಇಡೀ 10 ಗ್ರಾಂಗೆ 22 ಕ್ಯಾರಟ್ ದರ ಹಾಕಬಹುದು, ಆಗಲೂ 91,600. ಆದರೆ 9.16 ಗ್ರಾಂ ಎಂದು ಬರೆದುಕೊಂಡು ಅದಕ್ಕೆ 22 ಕ್ಯಾರಟ್ ದರವನ್ನೇ ಹಾಕಿದರೆ 83,906 ಆಗುತ್ತದೆ. ಏಳೂವರೆ ಸಾವಿರಕ್ಕೂ ಹೆಚ್ಚು ಹಣ ಒಂದು ಗುಣಾಕಾರದಲ್ಲಿ ಮಾಯ. ಕ್ಯಾಲ್ಕುಲೇಟರ್ ನಮ್ಮ ಕಡೆಗೂ ತಿರುಗಿರಲಿ ಎಂದು ಹೇಳುವುದು ಅದಕ್ಕೇ.

ಹೊಸ ಒಡವೆಗಳ ಮಟ್ಟಿಗೆ ಈ ತೊಡಕು ಕಡಿಮೆಯಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಬಿಐಎಸ್ ಗುರುತು, ಶುದ್ಧತೆ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಒಡವೆಯ ಬಗೆ, ಶುದ್ಧತೆ ತಿಳಿಯುತ್ತದೆ. ಹಾಲ್‌ಮಾರ್ಕ್ ಹೇಳಿದ ಶುದ್ಧತೆ ನಿಜದಲ್ಲಿ ಇಲ್ಲವಾದರೆ, ಕೊರತೆಯ ಮೊತ್ತದ ಎರಡರಷ್ಟು ಪರಿಹಾರವನ್ನೂ ಪರೀಕ್ಷೆಯ ಶುಲ್ಕವನ್ನೂ ಕೇಳಲು ಬಿಐಎಸ್ ನಿಯಮ ಅವಕಾಶ ಕೊಟ್ಟಿದೆ. ಆದರೆ ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಜಾಮೀನು. ಹರಳಿನ ತೂಕಕ್ಕೂ ಮಜೂರಿಗೂ ಅಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ, ಚಿನ್ನದ ನಿವ್ವಳ ತೂಕ ಬೇರೆ ಬೇರೆ ಬರೆದಿರಬೇಕು.

ಇನ್ನೊಂದು ಮಾತು ‘ನೂರಕ್ಕೆ ನೂರು ಎಕ್ಸ್‌ಚೇಂಜ್’ ಎಂಬ ಫಲಕದ ಬಗ್ಗೆ. ಅದು ಸುಳ್ಳಲ್ಲ. ಆದರೆ ನೂರಕ್ಕೆ ನೂರು ಎಂದರೆ ಒಡವೆಯಲ್ಲಿನ ಚಿನ್ನಕ್ಕೆ, ನಾವು ಕೊಟ್ಟ ಹಣಕ್ಕಲ್ಲ. ಅದೂ ಅಲ್ಲಿಯೇ ಹೊಸ ಒಡವೆ ಕೊಂಡರೆ ಮಾತ್ರ. ಹೊಸ ಒಡವೆಗೆ ಮತ್ತೆ ಮಜೂರಿ, ಮತ್ತೆ ಜಿಎಸ್‌ಟಿ ಇದ್ದೇ ಇದೆ. ಮಗಳ ಮದುವೆಗೆಂದು ಈಗಲೇ ಬಳೆ, ಸರ ಮಾಡಿಸಿ, ಹದಿನೈದು ವರ್ಷದ ನಂತರ ‘ಡಿಸೈನ್ ಹಳೆಯದಾಯಿತು’ ಎಂದು ಬದಲಾಯಿಸುವವರು ಒಂದೇ ಚಿನ್ನಕ್ಕೆ ಎರಡು ಸಲ ಮಜೂರಿ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ಚೈನಿಗೆ ಕೊಟ್ಟ ಪ್ರತಿ ನೂರು ರೂಪಾಯಿಗೆ ಎಕ್ಸ್‌ಚೇಂಜಿನಲ್ಲಿ 85 ರೂಪಾಯಿಯ ಚಿನ್ನ ಸಿಕ್ಕರೆ, 10 ಗ್ರಾಂ ನಾಣ್ಯಕ್ಕೆ ಕೊಟ್ಟ ನೂರಕ್ಕೆ 94 ರೂಪಾಯಿಯದು ಸಿಗುತ್ತದೆ. ಮದುವೆಗೆ ಒಡವೆ ಬೇಕೇ ಬೇಕು, ನಿಜ. ಅದರ ಮಜೂರಿಯನ್ನು ಮದುವೆಯ ವರ್ಷವೇ, ಒಂದೇ ಸಲ, ಹುಡುಗಿಯ ಇಷ್ಟದ ಡಿಸೈನಿಗೆ ಕೊಡಬಹುದಲ್ಲ.

ಗಟ್ಟಿಯ ಇನ್ನೊಂದು ಮುಖ

ಹಾಗಾದರೆ ಎಲ್ಲರೂ ಗಟ್ಟಿಯನ್ನೇ ಕೊಳ್ಳಬೇಕೇ? ನಾನು ಹಾಗೆ ಹೇಳುವುದಿಲ್ಲ. ಕಾರಣ, ನಮ್ಮ ಮನೆಗಳಲ್ಲಿ ಚಿನ್ನವನ್ನು ಮಾರುವುದಕ್ಕಿಂತ ಅಡವಿಡುವುದೇ ಹೆಚ್ಚು. ಬೀಜ-ಗೊಬ್ಬರಕ್ಕೆ, ಕಾಲೇಜಿನ ಫೀಸಿಗೆ, ಆಸ್ಪತ್ರೆಗೆ ಬಳೆ ಬ್ಯಾಂಕಿಗೆ ಹೋಗಿ ಸುಗ್ಗಿಯಾದ ಮೇಲೆ ಮನೆಗೆ ಬರುತ್ತದೆ. ಮಾರುವುದೇ ಇಲ್ಲವಾದ್ದರಿಂದ ಮರುಮಾರಾಟದ ಕಡಿತ ಅವರನ್ನು ತಟ್ಟುವುದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಗಟ್ಟಿಯ ಮೇಲೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಒಡವೆಯ ಮೇಲೆ ಕೊಡುತ್ತವೆ. ನಾಣ್ಯವಾದರೆ ಒಬ್ಬರಿಗೆ 50 ಗ್ರಾಂವರೆಗೆ ಮಾತ್ರ, ಅದರಲ್ಲೂ ಅನೇಕ ಬ್ಯಾಂಕುಗಳು ಬ್ಯಾಂಕುಗಳೇ ಮಾರಿದ ನಾಣ್ಯವನ್ನು ಮಾತ್ರ ಒಪ್ಪುತ್ತವೆ. ಕಡಿತ ಅತ್ಯಂತ ಕಡಿಮೆ ಇರುವ ರೂಪವೇ ಆಪತ್ತಿನ ರಾತ್ರಿ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ರೂಪ.

ಗಟ್ಟಿಯನ್ನು ಬಿಡಿಸಿ ಮಾರಲೂ ಆಗದು. ಒಂದು ಲಕ್ಷ ಬೇಕಿದ್ದಾಗ ಐದು ಲಕ್ಷದ ಗಟ್ಟಿಯನ್ನು ಇಡಿಯಾಗಿಯೇ ಮಾರಬೇಕು. ನಾಣ್ಯಗಳಲ್ಲೂ ಒಂದು ವಿಷಯ ತಿಳಿದಿರಬೇಕು. ಬ್ಯಾಂಕುಗಳು ಚಿನ್ನದ ನಾಣ್ಯ ಮಾರುತ್ತವೆ, ಮರಳಿ ಕೊಳ್ಳುವುದಿಲ್ಲ. ಆ ನಾಣ್ಯವನ್ನೂ ಕೊನೆಗೆ ಆಭರಣದ ಅಂಗಡಿಗೇ ಒಯ್ಯಬೇಕು, ಅವರ ಕಡಿತವನ್ನೇ ಒಪ್ಪಬೇಕು. ಅದಕ್ಕಾಗಿ, ಮರಳಿ ಕೊಳ್ಳುವ ಷರತ್ತನ್ನು ಬರೆದುಕೊಡುವ ಅಂಗಡಿಯಲ್ಲೇ ನಾಣ್ಯ ಕೊಂಡು, ಸೀಲ್ ಪ್ಯಾಕ್ ಮತ್ತು ಬಿಲ್ ಎರಡನ್ನೂ ಜೋಪಾನ ಮಾಡುವುದು ಲೇಸು.

ಪುಣೆಯಲ್ಲಿ ಇದಕ್ಕೆ ಒಂದು ಹಳೆಯ ಉಪಾಯವಿದೆ. ಇಲ್ಲಿನ ಮಧ್ಯಮ ವರ್ಗದವರು ‘ವೇಢಣಿ’ ಕೊಳ್ಳುತ್ತಾರೆ. 24 ಕ್ಯಾರಟ್ ಚಿನ್ನದ, ಉಂಗುರದಂತೆ ಸುತ್ತಿದ ಬೋಳು ಸುರುಳಿ ಅದು. ಅಲಂಕಾರವಿಲ್ಲ, ಹರಳಿಲ್ಲ, ಹೀಗಾಗಿ ಮಜೂರಿಯೂ ಹೆಚ್ಚಿಲ್ಲ. ಗುರುಪುಷ್ಯಕ್ಕೊಂದು, ದಸರೆಗೊಂದು ಎಂದು ಕೂಡಿಸುತ್ತಾರೆ. ಮದುವೆ ಬಂದಾಗ ಅವನ್ನೆಲ್ಲ ಕೊಟ್ಟು ಬೇಕಾದ ಒಡವೆ ಮಾಡಿಸುತ್ತಾರೆ. ಉಡುವ ಚಿನ್ನ, ಕೂಡಿಡುವ ಚಿನ್ನ ಎರಡನ್ನೂ ಇವರು ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದಾರೆ. ನಾವು ಇಲ್ಲಿಂದ ಕಲಿಯಬೇಕಾದದ್ದು ಇದೇ ಎಂದು ನನಗನಿಸುತ್ತದೆ.

ಸಂಬಳದ ಮೇಲೆ ಬದುಕುವ ಕುಟುಂಬಕ್ಕೆ ನನ್ನ ಸಲಹೆ ಹೀಗಿದೆ. ಮನೆಯವರು ನಿಜವಾಗಿ ಹಾಕಿಕೊಳ್ಳುವಷ್ಟು ಒಡವೆ ಇರಲಿ. ಅಡವಿಡಲು ಬೇಕಾಗುವುದೂ ಅದೇ. ಅದರ ಮಜೂರಿಯನ್ನು ಸೀರೆಯ ಖರ್ಚಿನಂತೆ ಖರ್ಚಿನ ಖಾತೆಗೇ ಬರೆಯಿರಿ. ಅದರಾಚೆಗೆ ಕೂಡಿಡುವ ಚಿನ್ನ 5 ಅಥವಾ 10 ಗ್ರಾಂನ ನಾಣ್ಯ ಇಲ್ಲವೆ ವೇಢಣಿಯ ರೂಪದಲ್ಲಿರಲಿ. ಒಂದೊಂದನ್ನೇ ಮಾರಬಹುದಾದಷ್ಟು ಚಿಕ್ಕದು, ತಯಾರಿ ಖರ್ಚು ಮೈಮೇಲೆ ಬಾರದಷ್ಟು ದೊಡ್ಡದು. ಗಟ್ಟಿಯ ಯೋಚನೆ, ಅಡವಿಡುವ ಸಂದರ್ಭ ಬಾರದು ಎಂಬ ಧೈರ್ಯ ಮತ್ತು ಲಾಕರ್ ಎರಡೂ ಇರುವವರಿಗೆ.

ಹಣ ಕೊಡುವ ಮೊದಲು ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ‘ಇದನ್ನು ಈಗಲೇ ನಿಮಗೆ ಮರಳಿ ಕೊಟ್ಟರೆ ನಗದಾಗಿ ಎಷ್ಟು ಕೊಡುತ್ತೀರಿ?’ ಅವರು ಹೇಳುವ ಅಂಕಿಯೇ ನಿಮ್ಮ ಉಳಿತಾಯ. ಉಳಿದದ್ದು ಒಡವೆಯ ಚೆಲುವಿಗೆ ಕೊಟ್ಟ ಬೆಲೆ. ಆ ಚೆಲುವು ನಿಮಗೆ ಬೇಕಿದ್ದರೆ ಸಂತೋಷದಿಂದ ಕೊಡಿ, ಅದನ್ನು ಉಳಿತಾಯವೆಂದು ಮಾತ್ರ ಬರೆದಿಟ್ಟುಕೊಳ್ಳಬೇಡಿ.